ಮಲಗಿಸಿದರೆ ಅಳುವ ಕೂಸು: ಕಿವಿನೋವನ್ನು ಗುರುತಿಸುವ ಬಗೆ

ಪ್ರಶ್ನೆ: ನನ್ನ ಮಗನಿಗೆ ಹತ್ತು ತಿಂಗಳು, ತೂಕ 8 ಕೆ.ಜಿ. ನಾಲ್ಕು ದಿನಗಳಿಂದ ನೆಗಡಿ. ಎರಡು ರಾತ್ರಿಯಿಂದ ಮಲಗಿಸಿದ ಕೂಡಲೇ ಚೀರುತ್ತಾನೆ, ಎತ್ತಿಕೊಂಡರೆ ಸ್ವಲ್ಪ ಸುಮ್ಮನಾಗುತ್ತಾನೆ. ಆಗಾಗ ಬಲಗಿವಿಯನ್ನು ಎಳೆದುಕೊಳ್ಳುತ್ತಾನೆ. ಇದು ಹಲ್ಲು ಬರುವ ಕಾಟ, ಕಿವಿಗೆ ಬೆಚ್ಚಗಿನ ಕೊಬ್ಬರಿ ಎಣ್ಣೆ ಬಿಟ್ಟರೆ ಸರಿಹೋಗುತ್ತದೆ ಎಂದು ಅತ್ತೆ ಹೇಳುತ್ತಾರೆ. ಕಿವಿನೋವೇ ಎಂದು ತಿಳಿಯುವುದು ಹೇಗೆ? ಯಾವಾಗ ಕಾಯಬಹುದು, ಯಾವಾಗ ಕಾಯಬಾರದು?

ಉತ್ತರ: ಮೊದಲು ಎಣ್ಣೆಯ ವಿಚಾರ. ಬಿಡಬೇಡಿ, ಕಾರಣವನ್ನು ಮುಂದೆ ಹೇಳುತ್ತೇನೆ. ನೀವು ಬರೆದಿರುವುದರಲ್ಲಿ ನನ್ನ ಗಮನ ಹೋದದ್ದು ಕಿವಿ ಎಳೆದುಕೊಳ್ಳುವುದರ ಕಡೆಗಲ್ಲ. ನೆಗಡಿ ಬಂದು ನಾಲ್ಕು ದಿನವಾಗಿದೆ ಎಂಬುದರ ಕಡೆಗೆ ಮತ್ತು ಮಲಗಿಸಿದ ಕೂಡಲೇ ಅಳು ಶುರುವಾಗುತ್ತದೆ ಎಂಬುದರ ಕಡೆಗೆ. ಈ ಎರಡೂ ಒಟ್ಟಿಗೆ ಬಂದಾಗ ನಡುಗಿವಿಯ ಸೋಂಕನ್ನು ಅನುಮಾನಿಸಲೇಬೇಕು. ಎರಡು ರಾತ್ರಿ ಹೀಗೆಯೇ ಕಳೆದಿರುವುದರಿಂದ ಮಗುವನ್ನು ಇಂದೇ ವೈದ್ಯರಿಗೆ ತೋರಿಸಿ. ರಾತ್ರಿಯ ಹೊತ್ತಿಗೆ ಇದನ್ನು ಓದುತ್ತಿದ್ದರೆ, ಮುಂದೆ ಹೇಳುವ ಅಪಾಯದ ಲಕ್ಷಣಗಳು ಯಾವುವೂ ಇಲ್ಲದ ಪಕ್ಷದಲ್ಲಿ, ನೋವಿನ ಔಷಧ ಕೊಟ್ಟು ಬೆಳಿಗ್ಗೆ ಮೊದಲ ಕೆಲಸವಾಗಿ ಹೋಗಬಹುದು.

ಮಲಗಿಸಿದರೆ ಏಕೆ ಅಳು ಎಂಬುದು ತಿಳಿದರೆ ಉಳಿದ ಲಕ್ಷಣಗಳು ತಾವಾಗಿಯೇ ಅರ್ಥವಾಗುತ್ತವೆ. ಕಿವಿಯ ತಮಟೆಯ ಹಿಂದೆ ಗಾಳಿ ತುಂಬಿದ ಒಂದು ಪುಟ್ಟ ಕೋಣೆಯಿದೆ. ಅದನ್ನೇ ನಡುಗಿವಿ ಎನ್ನುತ್ತೇವೆ. ಅಲ್ಲಿಂದ ಮೂಗಿನ ಹಿಂಭಾಗಕ್ಕೆ ಒಂದು ಸಣ್ಣ ನಾಳ ಹೋಗುತ್ತದೆ, ನಾವು ನುಂಗಿದಾಗಲೆಲ್ಲ ಅದು ಅರೆಗಳಿಗೆ ತೆರೆದುಕೊಂಡು ಒಳಗಿನ ಗಾಳಿಯ ಒತ್ತಡವನ್ನು ಹೊರಗಿನದಕ್ಕೆ ಸಮ ಮಾಡುತ್ತದೆ. ದೊಡ್ಡವರಲ್ಲಿ ಈ ನಾಳ ಉದ್ದವಾಗಿದ್ದು ಇಳಿಜಾರಾಗಿರುತ್ತದೆ. ಹಸುಳೆಗಳಲ್ಲಿ ಅದು ಮೋಟು, ಹೆಚ್ಚುಕಡಿಮೆ ಅಡ್ಡಡ್ಡವಾಗಿ ಮಲಗಿದಂತಿರುತ್ತದೆ. ನೆಗಡಿಯಾದಾಗ ಅದರ ಬಾಯಿ ಊದಿಕೊಂಡು ಮುಚ್ಚಿಹೋಗುತ್ತದೆ, ನಡುಗಿವಿಯಲ್ಲಿ ನೀರು ಸೇರುತ್ತದೆ, ಮೂಗಿನ ಹಿಂದಿದ್ದ ರೋಗಾಣುಗಳು ಆ ನೀರಿನಲ್ಲಿ ಬೆಳೆದು ಕೀವಾಗಿ, ಕೀವು ತಮಟೆಯನ್ನು ಒಳಗಿನಿಂದ ಹೊರಕ್ಕೆ ಉಬ್ಬಿಸುತ್ತದೆ. ನೋವು ಬರುವುದು ಈ ಉಬ್ಬಿನಿಂದ. ಇದಕ್ಕೆಲ್ಲ ಕೆಲವು ದಿನ ಹಿಡಿಯುವುದರಿಂದಲೇ ಕಿವಿನೋವು ಸಾಮಾನ್ಯವಾಗಿ ನೆಗಡಿಯ ಮೊದಲ ದಿನ ಬಾರದೆ, ಮೂರನೆಯ ದಿನದಿಂದ ಐದನೆಯ ದಿನದ ಸುಮಾರಿಗೆ, ಇನ್ನೇನು ನೆಗಡಿ ಇಳಿಯಿತು ಎನ್ನುವಾಗ ಬರುತ್ತದೆ. ಮಲಗಿಸಿದಾಗ ತಲೆಯ ಭಾಗದಲ್ಲಿ ರಕ್ತದ ಒತ್ತಡ ಹೆಚ್ಚಿ ಊತವೂ ನೋವೂ ಏರುತ್ತವೆ. ಹೆಗಲ ಮೇಲೆ ನೆಟ್ಟಗೆ ಎತ್ತಿಕೊಂಡಾಗ ಇಳಿಯುತ್ತವೆ. ಹಗಲೆಲ್ಲ ಹೇಗೋ ಆಡಿಕೊಂಡಿದ್ದ ಮಗು ರಾತ್ರಿ ಚೀರಾಡುವುದಕ್ಕೆ ಒಂದು ಕಾರಣ ಇದೇ.

ಎರಡನೆಯ ಸುಳಿವು ಹಾಲು ಕುಡಿಯುವ ರೀತಿಯಲ್ಲಿದೆ, ನನ್ನ ಅನುಭವದಲ್ಲಿ ಇದು ಕಿವಿ ಎಳೆಯುವುದಕ್ಕಿಂತ ಹೆಚ್ಚು ನಂಬಬಹುದಾದದ್ದು. ನುಂಗಿದಾಗ ನಡುಗಿವಿಯ ಒತ್ತಡ ಬದಲಾಗುತ್ತದೆ ಎಂದೆನಲ್ಲ, ಊದಿದ ಕಿವಿಯಲ್ಲಿ ಆ ಬದಲಾವಣೆಯೇ ಚುಚ್ಚಿದಂತಾಗುತ್ತದೆ. ಹಾಗಾಗಿ ಹಸಿದ ಮಗು ಆತುರದಿಂದ ಮೊಲೆಗೆ ಬಾಯಿ ಹಾಕಿ, ನಾಲ್ಕಾರು ಗುಟುಕು ಎಳೆದು, ತಟ್ಟನೆ ಬಿಟ್ಟು ಅಳುತ್ತದೆ. ಹಸಿವಿಗೆ ಮತ್ತೆ ಬಾಯಿ ಹಾಕುತ್ತದೆ, ಮತ್ತೆ ಬಿಡುತ್ತದೆ. ಮೂಗು ಕಟ್ಟಿದ ಮಗುವೂ ಮೊಲೆ ಬಿಡುತ್ತದೆ, ಆದರೆ ಅದು ಬಿಡುವುದು ಉಸಿರಿಗಾಗಿ. ಬಾಯಿ ತೆರೆದು ಉಸಿರೆಳೆದುಕೊಳ್ಳುತ್ತದೆ, ಮೂಗಿಗೆ ಉಪ್ಪುನೀರಿನ ಡ್ರಾಪ್ಸ್ ಹಾಕಿ ಸ್ವಚ್ಛಗೊಳಿಸಿದರೆ ನೆಮ್ಮದಿಯಾಗಿ ಕುಡಿಯುತ್ತದೆ. ಬಾಯಿಹುಣ್ಣಿನ ಮಗುವಿನದು ಇನ್ನೊಂದು ಬಗೆ: ಜೊಲ್ಲು ಸುರಿಸುತ್ತಾ ಚಮಚದಲ್ಲಿ ಕೊಟ್ಟ ಗಂಜಿಯನ್ನೂ ಬೇಡವೆಂದು ತಳ್ಳುತ್ತದೆ. ಇಂದು ಹಾಲು ಕೊಡುವಾಗ ಮಗುವನ್ನು ತುಸು ನೆಟ್ಟಗೆ ಕೂರಿಸಿಕೊಂಡು, ಮೂಗು ಬಿಡಿಸಿ, ಈ ಮೂರರಲ್ಲಿ ನಿಮ್ಮ ಮಗನದು ಯಾವ ಬಗೆ ಎಂದು ಗಮನಿಸಿ.

ಇನ್ನು ಕಿವಿ ಎಳೆದುಕೊಳ್ಳುವುದು. ಮಕ್ಕಳಿಗೆ ಐದಾರು ತಿಂಗಳಾದ ಮೇಲೆ ತಮ್ಮ ಕಿವಿ ಕೈಗೆ ಸಿಗುತ್ತದೆ, ಅದೊಂದು ಆಟವಾಗುತ್ತದೆ. ನಿದ್ದೆ ಬಂದಾಗ, ಬೇಸರವಾದಾಗ, ಹಲ್ಲಿನ ವಸಡು ಊದಿದಾಗ, ಕಿವಿಯ ಹಿಂದೆ ಒಣಚರ್ಮ ತುರಿಸಿದಾಗ, ಎಲ್ಲದಕ್ಕೂ ಕೈ ಅಲ್ಲಿಗೇ ಹೋಗುತ್ತದೆ. ಜ್ವರ, ನೆಗಡಿ, ನಿದ್ದೆಗೇಡು ಏನೂ ಇಲ್ಲದ, ನಗುನಗುತ್ತಾ ಕಿವಿ ಎಳೆದುಕೊಳ್ಳುವ ಮಗುವಿನ ಕಿವಿಯಲ್ಲಿ ರೋಗವಿರುವುದು ಅಪರೂಪ. ತಿರುಗಿಸಿ ಹೇಳುವುದಾದರೆ, ಕಿವಿಯಲ್ಲಿ ಕೀವು ತುಂಬಿದ್ದರೂ ಒಮ್ಮೆಯೂ ಕಿವಿ ಮುಟ್ಟದ ಮಕ್ಕಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಹಾಗೆಯೇ ಬಲಗಿವಿಯನ್ನು ಎಳೆದುಕೊಂಡರೆ ರೋಗ ಬಲಗಡೆಯೇ ಇರಬೇಕೆಂದೂ ಇಲ್ಲ; ವೈದ್ಯರು ಎರಡೂ ಕಿವಿ ನೋಡಬೇಕು.

ನಿಮ್ಮ ಅತ್ತೆಯವರು ಹಲ್ಲು ಎನ್ನುವುದರಲ್ಲಿ ತಪ್ಪೇನಿಲ್ಲ, ಹತ್ತು ತಿಂಗಳಲ್ಲಿ ಹಲ್ಲು ಬರುತ್ತಲೇ ಇರುತ್ತದೆ. ತೊಡಕಿರುವುದು ಅಲ್ಲಿಯೇ. ಆರು ತಿಂಗಳಿಂದ ಎರಡು ವರ್ಷದವರೆಗೆ ಯಾವ ವಾರ ನೋಡಿದರೂ ಒಂದಲ್ಲ ಒಂದು ಹಲ್ಲು ಹೊರಡುವ ಹಂತದಲ್ಲಿರುತ್ತದೆ. ನಡುಗಿವಿಯ ಸೋಂಕು ಅತಿ ಹೆಚ್ಚಾಗಿ ಬರುವುದೂ ಅದೇ ವಯಸ್ಸಿನಲ್ಲಿ. ಆದ್ದರಿಂದ ಈ ವಯಸ್ಸಿನ ಯಾವ ಕಾಯಿಲೆಯನ್ನು ಬೇಕಾದರೂ ಹಲ್ಲಿನ ತಲೆಗೆ ಕಟ್ಟಬಹುದು. ಹಲ್ಲಿನ ಕಿರಿಕಿರಿಯಾದರೆ ಜೊಲ್ಲು, ಸಿಕ್ಕಿದ್ದನ್ನೆಲ್ಲ ಕಚ್ಚುವುದು, ಕೆಂಪಾದ ವಸಡು ಕಾಣುತ್ತವೆ, ಕಚ್ಚಲು ಏನಾದರೂ ಕೊಟ್ಟರೆ ಮಗು ಸಮಾಧಾನಗೊಳ್ಳುತ್ತದೆ, ಮೈ ತುಸು ಬೆಚ್ಚಗಾದರೂ 100.4 ಡಿಗ್ರಿ ಫ್ಯಾರನ್‌ಹೀಟ್ ದಾಟುವ ಜ್ವರ ಬರುವುದಿಲ್ಲ. ಜ್ವರ ಬಂದಿದ್ದರೆ ಅದಕ್ಕೆ ಬೇರೆ ಕಾರಣವನ್ನು ಹುಡುಕಬೇಕು. ಆದರೆ ಜ್ವರವಿಲ್ಲ ಎಂಬ ಕಾರಣಕ್ಕೆ ಕಿವಿಯ ಸೋಂಕಿಲ್ಲ ಎಂದುಕೊಳ್ಳಬೇಡಿ. ಕಿವಿಯ ಸೋಂಕಿರುವ ಬಹಳಷ್ಟು ಮಕ್ಕಳಿಗೆ ಜ್ವರ ಇರುವುದೇ ಇಲ್ಲ.

ಕಿವಿಯ ಹಾಲೆಯನ್ನು ಮೆಲ್ಲಗೆ ಅಲುಗಾಡಿಸಿ ನೋಡುವ ರೂಢಿ ಕೆಲವು ಮನೆಗಳಲ್ಲಿದೆ. ಅದರಿಂದ ತಿಳಿಯುವುದು ಬೇರೆಯೇ ವಿಷಯ. ಹಾಲೆಯನ್ನು ಮುಟ್ಟಿದರೆ ಅಥವಾ ಕಿವಿಯ ಬಾಗಿಲಿನ ಮುಂದಿರುವ ಪುಟ್ಟ ಉಬ್ಬನ್ನು ಒತ್ತಿದರೆ ಚೀರುವ ಮಗುವಿಗೆ ಹೊರಗಿವಿಯ ಕೊಳವೆಯಲ್ಲಿ ಕುರುವೋ ಹುಣ್ಣೋ ಇರಬಹುದು, ಹುಳ ಹೊಕ್ಕಿರಲೂಬಹುದು. ನಡುಗಿವಿಯ ಸೋಂಕಿನಲ್ಲಿ ಹೊರಗಿನ ಹಾಲೆಯನ್ನು ಎಳೆದರೆ ನೋವೇನೂ ಹೆಚ್ಚುವುದಿಲ್ಲ. ಅಂದರೆ ಅಲುಗಾಡಿಸಿದರೆ ಅಳಲಿಲ್ಲ, ಆದ್ದರಿಂದ ಕಿವಿ ಸರಿಯಾಗಿದೆ ಎಂಬ ತೀರ್ಮಾನ ತಪ್ಪು.

ಈಗ ಮನೆಯಲ್ಲಿ ಮಾಡಬಹುದಾದ ಒಂದು ಕೆಲಸ, ಇದು ಚಿಕಿತ್ಸೆಯೂ ಹೌದು, ಪರೀಕ್ಷೆಯೂ ಹೌದು. ನೋವು ಇಳಿಸಲು ಪ್ಯಾರಾಸಿಟಮಾಲ್ ಕೊಡಿ. ಒಂದು ಸಲದ ಪ್ರಮಾಣ ಪ್ರತಿ ಕೆ.ಜಿ. ತೂಕಕ್ಕೆ 15 ಮಿಲಿಗ್ರಾಂ; ನಿಮ್ಮ ಮಗನ 8 ಕೆ.ಜಿ.ಗೆ 120 ಮಿಲಿಗ್ರಾಂ ಆಗುತ್ತದೆ. ಇಲ್ಲಿಯೇ ದೊಡ್ಡ ಎಡವಟ್ಟುಗಳು ನಡೆಯುವುದು. ನಮ್ಮ ಅಂಗಡಿಗಳಲ್ಲಿ ಸಿಗುವ ಡ್ರಾಪ್ಸ್ ಬಹಳ ಗಾಢವಾಗಿರುತ್ತದೆ, ಸಾಮಾನ್ಯವಾಗಿ ಅದರ 1 ಮಿಲಿಲೀಟರಿನಲ್ಲೇ 100 ಮಿಲಿಗ್ರಾಂ ಔಷಧವಿರುತ್ತದೆ. ಸಿರಪ್‌ನಲ್ಲಾದರೆ 5 ಮಿಲಿಲೀಟರಿಗೆ 120 ಅಥವಾ 125 ಮಿಲಿಗ್ರಾಂ ಇರುವುದೂ ಉಂಟು, 250 ಮಿಲಿಗ್ರಾಂ ಇರುವುದೂ ಉಂಟು. ಆದ್ದರಿಂದ ಇದೇ 120 ಮಿಲಿಗ್ರಾಂ ಎಂದರೆ ಡ್ರಾಪ್ಸ್‌ನಲ್ಲಿ 1.2 ಮಿಲಿಲೀಟರ್, ತೆಳು ಸಿರಪ್‌ನಲ್ಲಿ ಸುಮಾರು 5 ಮಿಲಿಲೀಟರ್, 250ರ ಸಿರಪ್‌ನಲ್ಲಿ ಸುಮಾರು ಎರಡೂವರೆ ಮಿಲಿಲೀಟರ್ ಮಾತ್ರ. ಡ್ರಾಪ್ಸ್ ಬಾಟಲಿಯಿಂದ 5 ಮಿಲಿಲೀಟರ್ ಕೊಟ್ಟುಬಿಟ್ಟರೆ 500 ಮಿಲಿಗ್ರಾಂ ಹೋಗುತ್ತದೆ, ಕೊಡಬೇಕಾದ್ದಕ್ಕಿಂತ ನಾಲ್ಕು ಪಟ್ಟಿಗೂ ಹೆಚ್ಚು. ಬಾಟಲಿಯ ಮೇಲೆ ಮುದ್ರಿಸಿರುವ ಅಂಕಿಯನ್ನು ಓದಿ, ಅಡುಗೆಮನೆಯ ಚಮಚ ಬಿಟ್ಟು ಅದರೊಂದಿಗೆ ಬಂದ ಅಳತೆಯಿಂದ ಅಥವಾ ಸೂಜಿಯಿಲ್ಲದ ಸಿರಿಂಜಿನಿಂದ ಅಳೆದು ಕೊಡಿ. ಅನುಮಾನ ಬಂದರೆ ಅಂಗಡಿಯವರಿಗೆ ತೂಕ ಹೇಳಿ ಲೆಕ್ಕ ಹಾಕಿಸಿಕೊಳ್ಳಿ. ಎರಡು ಪ್ರಮಾಣಗಳ ನಡುವೆ ಆರು ಗಂಟೆ ಬಿಡಬೇಕು, 24 ಗಂಟೆಯಲ್ಲಿ ನಾಲ್ಕಕ್ಕಿಂತ ಹೆಚ್ಚು ಸಲ ಕೊಡಬಾರದು. ನೀವು ಕೊಡುತ್ತಿರುವ ನೆಗಡಿಯ ಸಿರಪ್‌ನಲ್ಲಿಯೂ ಪ್ಯಾರಾಸಿಟಮಾಲ್ ಬೆರೆತಿರಬಹುದು, ಅದನ್ನೂ ನೋಡಿ. ಈ ವಯಸ್ಸಿಗೆ ಅಂಥ ಮಿಶ್ರಣದ ಸಿರಪ್‌ಗಳೇ ಬೇಡವೆಂಬುದು ನನ್ನ ಅಭಿಪ್ರಾಯ. ಆಸ್ಪಿರಿನ್ ಅಂತೂ ಕೊಡಲೇಬಾರದು. ಮೂರು ತಿಂಗಳೊಳಗಿನ ಕೂಸಿಗೆ ವೈದ್ಯರು ನೋಡದೆ ಪ್ಯಾರಾಸಿಟಮಾಲನ್ನೂ ಕೊಡಬಾರದು, ಏಕೆಂದರೆ ಆ ವಯಸ್ಸಿನಲ್ಲಿ ಜ್ವರವನ್ನು ಮರೆಮಾಡುವುದೇ ಅಪಾಯ.

ಕೊಟ್ಟ ಒಂದು ಗಂಟೆಯ ನಂತರ ಮಗುವನ್ನು ಕಣ್ಣಿಟ್ಟು ನೋಡಿ. ಹುಬ್ಬು ಗಂಟಿಕ್ಕುವುದು ನಿಂತಿದೆಯೇ, ಬಿಗಿಹಿಡಿದ ಕೈಕಾಲು ಸಡಿಲವಾಗಿದೆಯೇ, ನಿಮ್ಮ ಮುಖ ನೋಡಿ ಸ್ಪಂದಿಸುತ್ತಾನೆಯೇ, ಹಾಲು ಕುಡಿಯುತ್ತಾನೆಯೇ ಎಂದು ಗಮನಿಸಿ. ಔಷಧದ ಕಾವಿನಲ್ಲಿ ಮಗು ಆಡಿ, ಕುಡಿದು, ಮಲಗಿದರೆ ಇದು ನೋವಿನ ಅಳುವೇ ಆಗಿತ್ತು, ರಾತ್ರಿ ಕಳೆಯುವಷ್ಟು ಸಮಯ ನಿಮಗಿದೆ ಎಂದು ತಿಳಿಯಬಹುದು. ಆದರೆ ಸೋಂಕು ಹೋಯಿತೆಂದು ಅದರ ಅರ್ಥವಲ್ಲ. ಜ್ವರ ಇಳಿದ ಮೇಲೂ ಮಗು ಸಪ್ಪಗೆ, ಜೋತುಬಿದ್ದಂತೆ, ಯಾವುದಕ್ಕೂ ಬೇಡವಾದಂತೆ ಇದ್ದರೆ ಬೆಳಗಾಗಲೆಂದು ಕಾಯಬೇಡಿ.

ಅಳು ನಿಂತಿತೆಂದರೆ ರೋಗ ಹೋಯಿತು ಎಂಬ ಭಾವನೆ ಎಷ್ಟು ಮೋಸದ್ದು ಎಂಬುದಕ್ಕೆ ನಾನು ನೋಡಿದ ಒಂದು ಮಗುವಿನ ವಿಷಯ ಹೇಳಬೇಕು. ಹನ್ನೊಂದು ತಿಂಗಳ ಹೆಣ್ಣುಮಗು, ನೆಗಡಿ ಬಂದು ನಾಲ್ಕನೆಯ ದಿನ ಎರಡು ಸಲ ವಾಂತಿಯಾಗಿ ಸ್ವಲ್ಪ ಭೇದಿಯೂ ಆಯಿತು. ಕಿವಿಯನ್ನು ಮುಟ್ಟಿಕೊಂಡದ್ದೇ ಇಲ್ಲ. ಹೊಟ್ಟೆ ಕೆಟ್ಟಿದೆ ಎಂದುಕೊಂಡು ಮನೆಯವರು ಓಆರ್‌ಎಸ್ ಕೊಟ್ಟರು. ಎರಡು ರಾತ್ರಿ ಸರದಿಯ ಮೇಲೆ ಹೆಗಲಿಗೆ ಹಾಕಿಕೊಂಡು ತಿರುಗಾಡಿದರು. ಮೂರನೆಯ ರಾತ್ರಿ ಬೆಳಗಿನ ಜಾವ ಜೋರಾಗಿ ಅಳುತ್ತಿದ್ದ ಮಗು ಇದ್ದಕ್ಕಿದ್ದಂತೆ ಸುಮ್ಮನಾಗಿ ಗಾಢನಿದ್ದೆಗೆ ಹೋಯಿತು. ಎಲ್ಲರಿಗೂ ನಿರಾಳ. ಬೆಳಿಗ್ಗೆ ನೋಡಿದರೆ ದಿಂಬಿನ ಬಟ್ಟೆಯ ಮೇಲೆ ಹಳದಿ ಕಲೆ, ಕಿವಿಯ ಬಾಗಿಲಲ್ಲಿ ಅಂಟು. ಕೀವಿನ ಒತ್ತಡ ತಾಳಲಾರದೆ ತಮಟೆ ಒಡೆದಿತ್ತು, ಒತ್ತಡ ಇಳಿದದ್ದರಿಂದ ನೋವೂ ಇಳಿದಿತ್ತು. ಸಣ್ಣ ಮಕ್ಕಳಲ್ಲಿ ಕಿವಿಯ ಸೋಂಕಿನ ಜೊತೆ ವಾಂತಿ, ಭೇದಿ ಬರುವುದುಂಟು, ಹಾಗಾಗಿ ಹೊಟ್ಟೆಯತ್ತ ಗಮನ ಹೋದದ್ದು ಸಹಜವೇ. ಅಜ್ಜಿ ಕಲೆಯನ್ನು ಕಂಡು ಗುಗ್ಗೆ ಕರಗಿ ಬಂದಿದೆ ಎಂದು ಇನ್ನೊಂದು ತೊಟ್ಟು ಎಣ್ಣೆ ಬಿಡುವುದರಲ್ಲಿದ್ದರಂತೆ. ತಾಯಿ ಬಿಡಗೊಡದೆ ಅಂದೇ ಕರೆತಂದರು. ಅಷ್ಟರಲ್ಲಿ ಸೂಕ್ತ ಔಷಧ ಶುರುವಾದ್ದರಿಂದ ತೂತು ಎರಡು ವಾರದಲ್ಲಿ ತಾನಾಗಿ ಮುಚ್ಚಿಕೊಂಡಿತು, ಇಂಥ ಸಣ್ಣ ತೂತುಗಳು ಬಹುಪಾಲು ಹೀಗೆಯೇ ಮುಚ್ಚಿಕೊಳ್ಳುತ್ತವೆ. ಕೆಲವು ಮುಚ್ಚಿಕೊಳ್ಳದೆ ವರ್ಷಗಟ್ಟಲೆ ಕಿವಿ ಸೋರುವಂತಾಗುತ್ತದೆ. ಸೋರುವ ಕಿವಿಯನ್ನು ಅಂದೇ ತೋರಿಸಬೇಕೆನ್ನುವುದು ಅದಕ್ಕಾಗಿ.

ಎಣ್ಣೆ ಬೇಡವೆಂದದ್ದೂ ಇದೇ ಕಾರಣಕ್ಕೆ. ತಮಟೆ ಒಡೆದಿದೆಯೋ ಇಲ್ಲವೋ ಹೊರಗಿನಿಂದ ನಮಗೆ ಕಾಣುವುದಿಲ್ಲ. ಒಡೆದಿದ್ದರೆ ಎಣ್ಣೆ ನೇರ ನಡುಗಿವಿಗೆ ಇಳಿಯುತ್ತದೆ. ಒಡೆಯದಿದ್ದರೆ ತಮಟೆಯ ಇನ್ನೊಂದು ಬದಿಯಲ್ಲಿರುವ ಕೀವನ್ನು ಅದು ತಲುಪುವುದೇ ಇಲ್ಲ. ಎರಡೂ ರೀತಿಯಲ್ಲಿ ವೈದ್ಯರು ಒಳಗೆ ನೋಡುವಾಗ ಎಣ್ಣೆ ಅಡ್ಡಬರುತ್ತದೆ. ಬೆಳ್ಳುಳ್ಳಿ ಕಾಯಿಸಿದ ಎಣ್ಣೆ, ಎದೆಹಾಲು, ಹಳೆಯ ಬಾಟಲಿಯ ಕಿವಿಯ ಡ್ರಾಪ್ಸ್, ಎಲ್ಲಕ್ಕೂ ಇದೇ ಮಾತು. ಸೋರುತ್ತಿದ್ದರೆ ಹೊರಭಾಗವನ್ನಷ್ಟೇ ಮೆತ್ತನೆಯ ಬಟ್ಟೆಯಿಂದ ಒರೆಸಿ, ಒಳಗೆ ಬಡ್ಸ್ ಹಾಕಬೇಡಿ, ಹತ್ತಿ ತುರುಕಬೇಡಿ, ಸ್ನಾನದ ನೀರು ಹೋಗದಂತೆ ನೋಡಿಕೊಳ್ಳಿ. ಅತ್ತೆಯವರ ಮನಸ್ಸಿಗೆ ಏನಾದರೂ ಮಾಡಿದೆವೆನ್ನಿಸಬೇಕಾದರೆ, ಅವರ ಎದೆಗೊರಗಿಸಿ ಮಗುವನ್ನು ನೆಟ್ಟಗೆ ಕೂರಿಸಿಕೊಳ್ಳಲಿ. ನಿಜವಾಗಿ ನೋವು ತಗ್ಗುವುದು ಅದರಿಂದ. ಆದರೆ ಮಗು ನಿದ್ದೆಹೋದ ಮೇಲೆ ತಲೆಯಡಿ ದಿಂಬುಗಳನ್ನು ಪೇರಿಸಿ ಮಲಗಿಸಬೇಡಿ, ಒಂದು ವರ್ಷದೊಳಗಿನ ಮಗುವಿಗೆ ಅದು ಉಸಿರು ಕಟ್ಟಿಸುವ ಅಪಾಯ.

ಕಾಯಬಾರದ ಸಂದರ್ಭಗಳಲ್ಲಿ ವಯಸ್ಸು ಮೊದಲನೆಯದು. ಮೂರು ತಿಂಗಳೊಳಗಿನ ಕೂಸಿಗೆ 100.4 ಡಿಗ್ರಿ ಜ್ವರ ಬಂದರೆ, ಕಿವಿಯೋ ಮತ್ತೊಂದೋ ಎಂದು ಯೋಚಿಸದೆ ಆ ಗಳಿಗೆಯಲ್ಲೇ ಆಸ್ಪತ್ರೆಗೆ ಹೋಗಬೇಕು. ಕಂಕುಳಿನಲ್ಲಿ ಇಟ್ಟ ಥರ್ಮಾಮೀಟರ್ ಒಳಗಿನ ಕಾವಿಗಿಂತ ತುಸು ಕಡಿಮೆ ತೋರಿಸುವುದರಿಂದ, ಅಷ್ಟು ಎಳೆಯ ಕೂಸಿಗೆ ಅಲ್ಲಿ 99.5 ತೋರಿಸಿದರೂ ಹೊರಡಿ. ಆರು ತಿಂಗಳೊಳಗಿನ ಮಗುವಿಗೆ ಕಿವಿನೋವಿನ ಅನುಮಾನ ಬಂದರೆ, ಜ್ವರವಿರಲಿ ಬಿಡಲಿ, ಅಂದೇ ತೋರಿಸಬೇಕು. ಅದಕ್ಕಿಂತ ದೊಡ್ಡ ಮಗುವಾದರೆ ಜ್ವರ 102.2 ಡಿಗ್ರಿ ಮುಟ್ಟಿದ್ದರೆ, ಕಿವಿಯಿಂದ ಕೀವು ಅಥವಾ ರಕ್ತ ಬಂದಿದ್ದರೆ, ಔಷಧ ಕೊಟ್ಟರೂ ನೋವು ಇಳಿಯದಿದ್ದರೆ, ಕಿವಿಯಲ್ಲಿ ಹುಳವೋ ಮಣಿಯೋ ಹೊಕ್ಕಿರಬಹುದೆನಿಸಿದರೆ ಅಂದೇ ಹೋಗಬೇಕು. ಹುಟ್ಟಿನಿಂದ ಅಂಗುಳ ಸೀಳಿರುವ, ಡೌನ್ ಸಿಂಡ್ರೋಮ್ ಇರುವ, ಇಲ್ಲವೇ ಕಿವಿಯೊಳಗೆ ಕಾಕ್ಲಿಯರ್ ಇಂಪ್ಲಾಂಟ್ ಹಾಕಿರುವ ಮಕ್ಕಳ ವಿಷಯದಲ್ಲಿ ಸಣ್ಣ ಅನುಮಾನಕ್ಕೂ ಇದೇ ನಿಯಮ.

ಇವುಗಳಿಗಿಂತ ತುರ್ತಿನವು ಕೆಲವಿವೆ, ಅವಕ್ಕೆ ರಾತ್ರಿ ಹಗಲೆಂಬುದಿಲ್ಲ. ಮಗುವಿನ ಹಿಂದೆ ನಿಂತು ಎರಡೂ ಕಿವಿಗಳನ್ನು ಹೋಲಿಸಿ ನೋಡಿ: ಒಂದು ಕಿವಿಯ ಹಿಂದಿನ ಮೂಳೆಯ ಮೇಲೆ ಊತ, ಕೆಂಪು ಇದ್ದು ಕಿವಿ ಮುಂದಕ್ಕೂ ಕೆಳಕ್ಕೂ ತಳ್ಳಿದಂತೆ ನಿಂತಿದ್ದರೆ ಸೋಂಕು ಕಿವಿಯ ಹಿಂದಿನ ಮೂಳೆಗೆ ಹರಡಿದೆ ಎಂದರ್ಥ. ಅಳುವಾಗ ಬಾಯಿ ಒಂದೇ ಕಡೆಗೆ ಸೊಟ್ಟಗಾಗುತ್ತಿದ್ದು ಇನ್ನೊಂದು ಬದಿಯ ಕಣ್ಣು ಪೂರ್ತಿ ಮುಚ್ಚದಿದ್ದರೆ ಮುಖದ ನರಕ್ಕೆ ಪೆಟ್ಟಾಗಿದೆ. ಮಗು ಅಳದೆ ನೆಟ್ಟಗೆ ಕುಳಿತಿರುವಾಗಲೂ ನೆತ್ತಿ ಉಬ್ಬಿ ಬಿಗಿದಿರುವುದು, ಕಿರುಚುವ ತೆಳುದನಿಯ ಅಳು, ಎಬ್ಬಿಸಿದರೂ ಎಚ್ಚರಗೊಳ್ಳದ ಮಂಪರು, ಫಿಟ್ಸ್, ಒತ್ತಿದರೂ ಮಾಸದ ನೇರಳೆ ಚುಕ್ಕೆಗಳು ಮಿದುಳಿನ ಪೊರೆಗೆ ಸೋಂಕು ತಗುಲಿರಬಹುದು ಎಂಬುದರ ಸೂಚನೆ. ಹಸುಳೆಗಳಲ್ಲಿ ಕುತ್ತಿಗೆ ಬಿಗಿಯುವುದು ಕಾಣದೆಯೂ ಇರಬಹುದು, ಅದಕ್ಕಾಗಿ ಕಾದು ಕೂರಬೇಡಿ. ನಿಮ್ಮ ಮಗ ಎತ್ತಿಕೊಂಡರೆ ಸುಮ್ಮನಾಗುತ್ತಾನೆ ಎಂದು ಬರೆದಿದ್ದೀರಿ, ಅದು ಸಮಾಧಾನದ ಸಂಗತಿ. ಮಲಗಿದಾಗ ಸುಮ್ಮನಿದ್ದು ಎತ್ತಿಕೊಂಡರೆ, ಅಲುಗಾಡಿಸಿದರೆ ಹೆಚ್ಚು ಚೀರುವಂತಾದರೆ ಆಗ ಭಯಪಡಬೇಕು. ಉಸಿರಾಟ ವೇಗವಾಗಿ ಪಕ್ಕೆಯ ಕೆಳಗೆ ಗುಳಿ ಬೀಳುವುದು, ಎಂಟು ಗಂಟೆಯಿಂದ ಮೂತ್ರ ಮಾಡದಿರುವುದು, ಕುಡಿದದ್ದೆಲ್ಲ ವಾಂತಿಯಾಗುವುದು ಕೂಡ ಇದೇ ಸಾಲಿಗೆ ಸೇರುತ್ತವೆ. ಕಿವಿಗೆ ಸಂಬಂಧವಿಲ್ಲದ ಇನ್ನೊಂದನ್ನು ಇಲ್ಲಿಯೇ ಹೇಳಿಬಿಡುತ್ತೇನೆ: ಹದಿನೈದಿಪ್ಪತ್ತು ನಿಮಿಷಕ್ಕೊಮ್ಮೆ ಕಾಲುಗಳನ್ನು ಹೊಟ್ಟೆಗೆ ಮಡಚಿಕೊಂಡು ಚೀರಿ, ನಡುವೆ ಬಿಳಿಚಿಕೊಂಡು ಸುಸ್ತಾಗುವ ಮಗುವಿನ ಕರುಳು ಒಂದರೊಳಗೊಂದು ಸಿಕ್ಕಿಕೊಂಡಿರಬಹುದು, ಮಲದಲ್ಲಿ ರಕ್ತ ಬರುವವರೆಗೆ ಕಾಯಬಾರದು. ಇಂಥ ಹೊತ್ತಿನಲ್ಲಿ ವಾಹನವಿಲ್ಲದಿದ್ದರೆ 108ಕ್ಕೆ ಕರೆ ಮಾಡಿ.

ವೈದ್ಯರ ಬಳಿ ಹೋಗುವಾಗ ತಾಯಿ ಕಾರ್ಡ್ ಒಯ್ಯಿರಿ. ಆರು ವಾರ, ಹದಿನಾಲ್ಕು ವಾರ ಮತ್ತು ಒಂಬತ್ತು ತಿಂಗಳಿಗೆ ಕೊಡುವ ನ್ಯುಮೊಕಾಕಲ್ ಲಸಿಕೆ, ಅಂದರೆ ಪಿಸಿವಿ, ಬಿದ್ದಿದೆಯೇ ಎಂಬುದು ಅದರಲ್ಲಿ ತಿಳಿಯುತ್ತದೆ. ಕಿವಿಯ ಸೋಂಕಿನ ಮುಖ್ಯ ರೋಗಾಣುಗಳಲ್ಲಿ ಒಂದನ್ನು ತಡೆಯುವುದು ಆ ಲಸಿಕೆ. ಕೊನೆಯ ಸಲ ಪ್ಯಾರಾಸಿಟಮಾಲ್ ಎಷ್ಟು ಹೊತ್ತಿಗೆ ಕೊಟ್ಟಿರಿ ಎಂಬುದನ್ನೂ ಬರೆದಿಟ್ಟುಕೊಳ್ಳಿ. ಕಿವಿ ನೋಡುವಾಗ ಮಗುವನ್ನು ತೊಡೆಯ ಮೇಲೆ ಪಕ್ಕಕ್ಕೆ ತಿರುಗಿಸಿ ಕೂರಿಸಿ, ಒಂದು ಕೈಯಿಂದ ತಲೆಯನ್ನು ನಿಮ್ಮ ಎದೆಗೆ ಒತ್ತಿ, ಇನ್ನೊಂದರಿಂದ ಅವನ ಎರಡೂ ಕೈಗಳನ್ನು ಅಪ್ಪಿ ಹಿಡಿದರೆ ಅರೆ ನಿಮಿಷದಲ್ಲಿ ಕೆಲಸ ಮುಗಿಯುತ್ತದೆ. ಅಳುವ ಯಾವ ಮಗುವಿನ ತಮಟೆಯೂ ಕೆಂಪಗಿರುತ್ತದೆ, ಬರೀ ಕೆಂಪು ರೋಗವಲ್ಲ. ತಮಟೆ ಉಬ್ಬಿದೆಯೇ ಎಂದು ಕೇಳಿ, ನಿರ್ಧಾರ ನಿಲ್ಲುವುದು ಅದರ ಮೇಲೆ.

ಸೋಂಕಿದೆ ಎಂದಾದರೆ ಎಲ್ಲ ಮಕ್ಕಳಿಗೂ ಆಂಟಿಬಯಾಟಿಕ್ ಬೇಕೆಂದಿಲ್ಲ. ಆರು ತಿಂಗಳೊಳಗಿನವರಿಗೆ ಕೊಡುತ್ತೇವೆ. ಆರು ತಿಂಗಳಿಂದ ಎರಡು ವರ್ಷದವರಲ್ಲಿ ಎರಡೂ ಕಿವಿಗೆ ಸೋಂಕಿದ್ದರೆ, ಕಿವಿ ಸೋರುತ್ತಿದ್ದರೆ, ಜ್ವರ 102.2 ಡಿಗ್ರಿ ಮುಟ್ಟಿದ್ದರೆ ಅಥವಾ ನೋವು 48 ಗಂಟೆ ದಾಟಿದ್ದರೆ ಕೊಡುತ್ತೇವೆ. ಒಂದೇ ಕಿವಿಗೆ ಬಂದು, ಸೌಮ್ಯವಾಗಿದ್ದು, ಮರಳಿ ಬರಲು ಅನುಕೂಲವಿರುವ ಮನೆಯವರಾದರೆ ನೋವಿನ ಔಷಧ ಮಾತ್ರ ಕೊಟ್ಟು ಎರಡು ಮೂರು ದಿನ ನೋಡುವುದುಂಟು. ನಿಮ್ಮ ಮಗನಿಗೆ ಎರಡು ರಾತ್ರಿಯೇ ಕಳೆದಿರುವುದರಿಂದ ಕೊಡುವ ಸಂಭವವೇ ಹೆಚ್ಚು. ಎರಡು ವರ್ಷದೊಳಗಿನವರಿಗೆ ಸಾಮಾನ್ಯವಾಗಿ ಅಮಾಕ್ಸಿಸಿಲಿನ್ ಹತ್ತು ದಿನ ನಡೆಯುತ್ತದೆ, ಮೂರನೆಯ ದಿನ ಮಗು ನಗುತ್ತಿದೆಯೆಂದು ಬಾಟಲಿಯನ್ನು ಎತ್ತಿಡಬೇಡಿ. ಶುರುಮಾಡಿ 48ರಿಂದ 72 ಗಂಟೆಯಾದರೂ ಜ್ವರ, ನೋವು ಇಳಿಯದಿದ್ದರೆ ಅದೇ ಔಷಧವನ್ನು ಮುಂದುವರಿಸುತ್ತಾ ಕೂರದೆ ಮತ್ತೆ ತೋರಿಸಿ.

ನೋವು ಹೋದ ಮೇಲೂ ತಮಟೆಯ ಹಿಂದಿನ ನೀರು ಕೆಲವು ವಾರ ಉಳಿದಿರುತ್ತದೆ. ಅಷ್ಟು ದಿನ ಮಗುವಿಗೆ ಮೆಲುದನಿಗಳು ಸರಿಯಾಗಿ ಕೇಳದಿರಬಹುದು, ಅದಕ್ಕೆ ಆಂಟಿಬಯಾಟಿಕ್ ಮತ್ತೆ ಕೊಡಬೇಕಾಗಿಲ್ಲ. ಒಂದೂವರೆ ಎರಡು ತಿಂಗಳಾದ ಮೇಲೆ ಇನ್ನೊಮ್ಮೆ ಕಿವಿ ತೋರಿಸಿ. ಮೂರು ತಿಂಗಳಾದರೂ ನೀರು ಹಾಗೆಯೇ ಇದ್ದರೆ, ಅಥವಾ ಬೆನ್ನ ಹಿಂದಿನಿಂದ ಹೆಸರು ಕರೆದರೆ ತಿರುಗುತ್ತಿದ್ದವನು ಈಗ ತಿರುಗುತ್ತಿಲ್ಲ ಎಂದೆನಿಸಿದರೆ, ಕಿವಿ-ಮೂಗು-ಗಂಟಲು ತಜ್ಞರಲ್ಲಿ ಶ್ರವಣ ಪರೀಕ್ಷೆ ಮಾಡಿಸಿ.